ಮೊಬೈಲ್ ಕ್ಯಾಮೆರಾದಿಂದ ದುಡಿಮೆ: ಅಂಗಡಿ ಸಾಮಾನಿನ ಫೋಟೋದಿಂದ ಶುರು ಮಾಡಿ

"ನನ್ನ ಹತ್ರ ಒಳ್ಳೇ ಮೊಬೈಲ್ ಇದೆ, ಫೋಟೋನೂ ಚೆನ್ನಾಗಿ ತೆಗೀತೀನಿ. ಇದರಿಂದ ನಾಲ್ಕು ಕಾಸು ಸಂಪಾದಿಸೋಕಾಗುತ್ತಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಆಗುತ್ತದೆ. ಆದರೆ ಕೇಳುವವರಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಸ್ಟಾಕ್ ಫೋಟೋಗೆ, ಅಂದರೆ ಫೋಟೋ ಮಾರಿಕೊಡುವ ಆನ್‌ಲೈನ್ ತಾಣಗಳಿಗೆ. ನೂರಾರು ಫೋಟೋ ಹಾಕುತ್ತಾರೆ, ತಿಂಗಳುಗಟ್ಟಲೆ ಕಾಯುತ್ತಾರೆ, ಬೇಜಾರಾಗಿ ಬಿಟ್ಟುಬಿಡುತ್ತಾರೆ.

ನನ್ನ ಪ್ರಕಾರ ಕ್ರಮ ಉಲ್ಟಾ ಇರಬೇಕು. ಮೊದಲು ಅಂಗಡಿ ಸಾಮಾನಿನ ಫೋಟೋ, ಆಮೇಲೆ ಸಣ್ಣ ಸಮಾರಂಭ, ಕೊನೆಗೆ ಸ್ಟಾಕ್. ಅಂಗಡಿಯವರಿಗೆ ಫೋಟೋ ಈಗಲೇ ಬೇಕಾಗಿರುತ್ತದೆ, ಹಾಗಾಗಿ ದುಡ್ಡೂ ಈಗಲೇ ಬರುತ್ತದೆ. ಸಾಮಾನು ಅಲುಗಾಡುವುದಿಲ್ಲ. ಸರಿ ಬರದಿದ್ದರೆ ಇನ್ನೊಂದು ಸಲ ತೆಗೆಯಬಹುದು. ಹಾಗಾಗಿ ಈ ಲೇಖನದ ಬಹುಪಾಲು ಅದಕ್ಕೇ ಮೀಸಲು.

ಉದಾಹರಣೆಗೆ ಚನ್ನಪಟ್ಟಣದ ಒಂದು ಗೊಂಬೆ ಅಂಗಡಿಯನ್ನು ಇಟ್ಟುಕೊಳ್ಳೋಣ. ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಹೋಗುವವರು ಕಾರು ನಿಲ್ಲಿಸಿ ಗೊಂಬೆ ಕೊಳ್ಳುತ್ತಿದ್ದರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರಿನ ಹೊರಗಿನಿಂದಲೇ ಹಾದು ಹೋಗುತ್ತದೆ. ದಾರಿಹೋಕ ಗಿರಾಕಿ ಕಮ್ಮಿಯಾದರೆ ವಾಟ್ಸಾಪ್, ಅಮೆಜಾನ್, ಇನ್‌ಸ್ಟಾಗ್ರಾಂನಲ್ಲಿ ಮಾರಬೇಕು. ಅಲ್ಲಿ ಮಾರಬೇಕಂದರೆ ಫೋಟೋ ಬೇಕು. ಈ ಉದಾಹರಣೆಗೆ ಇನ್ನೊಂದು ಕಾರಣವೂ ಇದೆ. ಅರಗಿನ ಬಣ್ಣ ಹಚ್ಚಿ ಮಿರಮಿರ ಮಿಂಚುವ ಗೊಂಬೆಯ ಫೋಟೋ ತೆಗೆಯುವುದು ಸುಲಭವಲ್ಲ. ಇದು ಬಂದರೆ ಉಪ್ಪಿನಕಾಯಿ ಬಾಟಲಿ, ಬಳೆ, ಸ್ಟೀಲ್ ಡಬ್ಬಿ ಎಲ್ಲ ಇದೇ ದಾರಿಯಲ್ಲಿ ಬರುತ್ತವೆ.

ಹಂತ 1: ಮೊಬೈಲ್ ಸಿದ್ಧ ಮಾಡಿ, ಸಾಮಾನು ಹೊಂದಿಸಿ

ಹೊಸ ಮೊಬೈಲ್ ಕೊಳ್ಳಬೇಡಿ. ಈಗಿನ ಸಾಧಾರಣ ಮೊಬೈಲ್‌ನ ಮುಖ್ಯ ಕ್ಯಾಮೆರಾ ಈ ಕೆಲಸಕ್ಕೆ ಸಾಕು. ಬೇಕಾಗುವ ಉಳಿದ ಸಾಮಾನು ಇಷ್ಟು: ಮೊಬೈಲ್ ಹಿಡಿದುಕೊಳ್ಳುವ ಹೋಲ್ಡರ್ ಇರುವ ಒಂದು ಟ್ರೈಪಾಡ್, ದೊಡ್ಡ ಬಿಳಿ ಚಾರ್ಟ್ ಪೇಪರ್ ಎರಡು, ಒಂದು ಥರ್ಮಾಕೋಲ್ ಹಾಳೆ, ತೆಳ್ಳಗಿನ ಬಿಳಿ ಪಂಚೆ, ಕ್ಲಿಪ್‌ಗಳು, ಮೆತ್ತನೆ ಒರೆಸುವ ಬಟ್ಟೆ. ಚಾರ್ಟ್ ಪೇಪರ್, ಥರ್ಮಾಕೋಲ್ ಎರಡೂ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತವೆ. ದುಡ್ಡು ಖರ್ಚಾಗುವುದು ಟ್ರೈಪಾಡ್‌ಗೆ ಮಾತ್ರ. ತೀರಾ ಹಗುರದ್ದು ತಂದರೆ ಫ್ಯಾನ್ ಗಾಳಿಗೇ ಅಲ್ಲಾಡುತ್ತದೆ, ಅದನ್ನೊಂದು ನೋಡಿಕೊಳ್ಳಿ.

ಮೊಬೈಲ್‌ನಲ್ಲಿ ಮೊದಲು ಬದಲಾಯಿಸಬೇಕಾದ ಸೆಟ್ಟಿಂಗ್‌ಗಳು ಕೆಲವಿವೆ. ಫೋಟೋದ ಮೂಲೆಯಲ್ಲಿ ಮೊಬೈಲ್ ಕಂಪನಿಯ ಹೆಸರು ಬೀಳುವ ವಾಟರ್‌ಮಾರ್ಕ್ ಆನ್ ಆಗಿದ್ದರೆ ಆಫ್ ಮಾಡಿ. ಬ್ಯೂಟಿ, ಫಿಲ್ಟರ್, ಬಣ್ಣವನ್ನು ತಾನಾಗಿಯೇ ಗಾಢ ಮಾಡುವ ಸೀನ್ ಆಯ್ಕೆ, ಎಲ್ಲವನ್ನೂ ಆಫ್ ಮಾಡಿ. ಪರದೆಯ ಮೇಲೆ ಗೆರೆಗಳು ಕಾಣುವ ಗ್ರಿಡ್ ಆನ್ ಮಾಡಿ, ಗೊಂಬೆ ಸೊಟ್ಟ ನಿಂತಿದ್ದರೆ ಕೂಡಲೇ ಗೊತ್ತಾಗುತ್ತದೆ. ಐಫೋನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ Formats, ಅಲ್ಲಿ Most Compatible ಆರಿಸಿ. ಆಗ ಫೋಟೋ ಜೆಪೆಗ್ ರೂಪದಲ್ಲಿ ಉಳಿಯುತ್ತದೆ, ಅಂಗಡಿಯವರ ಕಂಪ್ಯೂಟರ್‌ನಲ್ಲಿ ತೆರೆಯುವುದಿಲ್ಲ ಅನ್ನುವ ತಕರಾರು ಬರುವುದಿಲ್ಲ.

ಇನ್ನೊಂದು ಮಾತು, ಇದನ್ನು ಜನ ಮರೆಯುವುದೇ ಹೆಚ್ಚು. ಲೆನ್ಸ್ ಒರೆಸಿ. ಬೆರಳಿನ ಎಣ್ಣೆ ಜಿಡ್ಡು ಕೂತಿದ್ದರೆ ಇಡೀ ಫೋಟೋ ಮಂಜು ಕವಿದ ಹಾಗೆ ಕಾಣುತ್ತದೆ. ಎಡಿಟಿಂಗ್‌ನಲ್ಲಿ ಅದು ಪೂರ್ತಿ ಹೋಗುವುದಿಲ್ಲ.

ಹಂತ 2: ಮಾತು ಮೊದಲೇ ಆಗಿರಲಿ

ಅಂಗಡಿಗೆ ಹೋಗುವ ಮುಂಚೆ ಅವರು ಈಗ ವಾಟ್ಸಾಪ್‌ನಲ್ಲಿ ಹಾಕಿರುವ ಫೋಟೋಗಳನ್ನು ನೋಡಿ. ಅವರದೇ ಒಂದು ಗೊಂಬೆಯನ್ನು ಕೊಂಡು, ಮನೆಯಲ್ಲಿ ಚೆನ್ನಾಗಿ ಫೋಟೋ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಆಲ್ಬಂ ತೋರಿಸುವುದಕ್ಕಿಂತ ಇದು ಬೇಗ ನಾಟುತ್ತದೆ.

"ನನ್ನ ಮೊಬೈಲಲ್ಲೂ ಕ್ಯಾಮೆರಾ ಇದೆಯಲ್ಲಪ್ಪಾ, ನಿನಗ್ಯಾಕೆ ದುಡ್ಡು ಕೊಡ್ಲಿ?" ಅಂತ ಕೇಳಿಯೇ ಕೇಳುತ್ತಾರೆ. "ಅಣ್ಣ, ನಿಮ್ಮ ಫೋಟೋದಲ್ಲಿ ಈ ಗೊಂಬೆ ಕೇಸರಿ ಕಾಣ್ತಿದೆ. ನಿಜವಾಗಿ ಇದು ಕೆಂಪು. ಗಿರಾಕಿ ಬಣ್ಣ ಬೇರೆ ಅಂತ ವಾಪಸ್ ಕಳಿಸಿದ್ರೆ ಕೊರಿಯರ್ ದುಡ್ಡು ನಿಮ್ದೇ ಹೋಗೋದು" ಅಂತ ಹೇಳಿ. ಅವರಿಗೆ ಬೇಕಾಗಿರುವುದು ಸುಂದರವಾದ ಫೋಟೋ ಅಲ್ಲ, ಸಾಮಾನು ಇದ್ದ ಹಾಗೇ ಕಾಣುವ ಫೋಟೋ. ಈ ವ್ಯತ್ಯಾಸ ನಿಮಗೆ ಗೊತ್ತಿದೆ ಅಂತ ಅವರಿಗೆ ಅನ್ನಿಸಿದರೆ ಕೆಲಸ ಸಿಗುತ್ತದೆ.

ಈಗ ರೇಟು. "ಒಂದು ಫೋಟೋಗೆ ಎಷ್ಟು ತಗೋಬೇಕು?" ಅಂತ ಕೇಳಬೇಡಿ, ಊರಿಂದ ಊರಿಗೆ ಅದು ಬೇರೆ. ನಿಮ್ಮ ಸಮಯದ ಮೇಲೆ ಲೆಕ್ಕ ಹಾಕಿ. ಅಂಗಡಿಯಲ್ಲಿ 15 ಬಗೆಯ ಗೊಂಬೆ ಇವೆ, ಒಂದೊಂದಕ್ಕೂ 3 ಫೋಟೋ ಬೇಕು ಅಂದುಕೊಳ್ಳಿ. ಒಟ್ಟು 45. ಬೆಳಕು, ಹಿನ್ನೆಲೆ ಹೊಂದಿಸಲು ಅರ್ಧ ಗಂಟೆ. ಒಂದು ಗೊಂಬೆ ಒರೆಸಿ, ಇಟ್ಟು, ತೆಗೆಯಲು 6 ನಿಮಿಷದಂತೆ 15ಕ್ಕೆ ಒಂದೂವರೆ ಗಂಟೆ. ಎಡಿಟಿಂಗ್‌ಗೆ ಫೋಟೋಗೆ 3 ನಿಮಿಷದಂತೆ ಎರಡೂಕಾಲು ಗಂಟೆ. ಹೋಗಿ ಬರಲು ಒಂದೂವರೆ ಗಂಟೆ. ಎಲ್ಲ ಸೇರಿ ಐದೂಮುಕ್ಕಾಲು ಗಂಟೆ ಆಯಿತು. ಗಂಟೆಗೆ 200 ರೂಪಾಯಿ ಬೇಕು ಅಂದರೆ 1,150. ಓಡಾಟದ ಖರ್ಚು 150 ಸೇರಿಸಿ, 1,300. ಅದನ್ನು ಅಂಗಡಿಯವರಿಗೆ "ಒಂದು ಗೊಂಬೆಗೆ 100 ರೂಪಾಯಿ, ಮೂರು ಫೋಟೋ" ಅಂತ ಹೇಳಿ. ಒಟ್ಟು 1,500 ಆಗುತ್ತದೆ. ಮೇಲಿನ 200, ನಾಲ್ಕೈದು ಫೋಟೋ ಮತ್ತೆ ತೆಗೆಯಬೇಕಾಗಿ ಬಂದರೆ ಅಂತ ಇಟ್ಟುಕೊಳ್ಳುವುದು. ನಿಮ್ಮ ಗಂಟೆಯ ಬೆಲೆ ಬೇರೆ ಇದ್ದರೆ ಅಂಕಿ ಬದಲಾಯಿಸಿ, ಲೆಕ್ಕ ಇದೇ.

ಹೆಚ್ಚಿನವರು ಎಡಿಟಿಂಗ್ ಸಮಯವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೇಲಿನ ಲೆಕ್ಕ ನೋಡಿ, ಫೋಟೋ ತೆಗೆಯುವುದಕ್ಕಿಂತ ಜಾಸ್ತಿ ಹೊತ್ತು ಅದಕ್ಕೇ ಹೋಗುತ್ತದೆ.

ಮಾತು ಮುಗಿದ ಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, "ಸರಿ" ಅಂತ ಉತ್ತರ ತರಿಸಿಕೊಳ್ಳಿ. ಹೀಗೆ ಬರೆದರೆ ಸಾಕು:

"15 ಗೊಂಬೆ, ಒಂದಕ್ಕೆ 3 ಫೋಟೋ, ಒಟ್ಟು 45. ಮೊತ್ತ 1,500 ರೂ. ಮುಂಗಡ 750, ಫೋಟೋ ಕೊಟ್ಟಾಗ 750. ಬಣ್ಣ ಅಥವಾ ಫೋಕಸ್ ಸರಿ ಇಲ್ಲದಿದ್ದರೆ ಒಂದು ಸಲ ಉಚಿತವಾಗಿ ಮತ್ತೆ ತೆಗೆದುಕೊಡುತ್ತೇನೆ. ಹೊಸ ಗೊಂಬೆ ಸೇರಿಸಿದರೆ ತಲಾ 100. ಈ ಫೋಟೋಗಳಲ್ಲಿ ಐದನ್ನು ನನ್ನ ಕೆಲಸದ ಮಾದರಿಯಾಗಿ ತೋರಿಸಿಕೊಳ್ಳಬಹುದು."

ಕೊನೆಯ ಸಾಲು ಯಾಕೆ ಅಂತೀರಾ? ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು, ತೆಗೆದವರದ್ದಲ್ಲ. ಬೇರೆ ಒಪ್ಪಂದ ಇದ್ದರೆ ಮಾತ್ರ ಅದು ಬದಲಾಗುತ್ತದೆ. ಅಂದರೆ ಅಂಗಡಿಗೆ ತೆಗೆದುಕೊಟ್ಟ ಫೋಟೋವನ್ನು ಸುಮ್ನೆ ತಗೊಂಡು ಹೋಗಿ ಸ್ಟಾಕ್‌ನಲ್ಲಿ ಮಾರುವ ಹಾಗಿಲ್ಲ. "ನಾನೇ ತೆಗೆದಿದ್ದು, ನಂದೇ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಂತ 3: ಕಿಟಕಿ ಹುಡುಕಿ

ಅಂಗಡಿಯಲ್ಲೋ ಅವರ ಮನೆಯಲ್ಲೋ ದೊಡ್ಡ ಕಿಟಕಿ ಇರುವ ಜಾಗ ಹುಡುಕಿ. ಬಿಸಿಲು ನೇರವಾಗಿ ಒಳಗೆ ಬೀಳಬಾರದು. ಬೀಳುತ್ತಿದ್ದರೆ ಪಂಚೆಯನ್ನು ಪರದೆಯ ಹಾಗೆ ಕಟ್ಟಿ. ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ, ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಬರುವ ಹಾಗೆ ಮೇಜು ಹಾಕಿ. ಚಾರ್ಟ್ ಪೇಪರ್‌ನ ಒಂದು ತುದಿಯನ್ನು ಹಿಂದಿನ ಗೋಡೆಗೆ ಅಂಟಿಸಿ, ಇನ್ನೊಂದು ತುದಿಯನ್ನು ಮೇಜಿನ ಮೇಲೆ ಮುಂದಕ್ಕೆ ಎಳೆಯಿರಿ. ನಡುವೆ ಮಡಿಕೆ ಬೀಳದೆ ಮೆತ್ತಗೆ ಬಾಗಿರಬೇಕು. ಮಡಿಸಿದರೆ ಗೊಂಬೆಯ ಹಿಂದೆ ಒಂದು ಗೆರೆ ಎದ್ದು ಕಾಣುತ್ತದೆ. ಕಿಟಕಿಯ ಎದುರು ಬದಿಗೆ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಅದು ಬೆಳಕನ್ನು ವಾಪಸ್ ಎಸೆದು ನೆರಳನ್ನು ತಿಳಿ ಮಾಡುತ್ತದೆ.

ಇನ್ನು ಕೋಣೆಯ ಟ್ಯೂಬ್‌ಲೈಟ್, ಬಲ್ಬ್ ಎಲ್ಲ ಆರಿಸಿ. ಇದಕ್ಕೆ ಅಂಗಡಿಯವರು ಒಪ್ಪುವುದಿಲ್ಲ, "ಕತ್ತಲಾಗುತ್ತಲ್ಲಪ್ಪಾ" ಅಂತಾರೆ. ಆದರೂ ಆರಿಸಿ. ಹಗಲ ಬೆಳಕಿನ ಬಣ್ಣವೇ ಬೇರೆ, ಬಲ್ಬಿನ ಬಣ್ಣವೇ ಬೇರೆ. ಎರಡೂ ಸೇರಿದರೆ ಗೊಂಬೆಯ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಒಂದು ಬಣ್ಣ ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಪಕ್ಕದ ಗೋಡೆಗೆ ಹಸಿರು ಅಥವಾ ಗುಲಾಬಿ ಬಣ್ಣ ಬಳಿದಿದ್ದರೆ ಅದೂ ಬಿಳಿ ಕಾಗದದ ಮೇಲೆ ಬಂದು ಕೂರುತ್ತದೆ. ಎರಡನೇ ಚಾರ್ಟ್ ಪೇಪರ್‌ನಿಂದ ಗೋಡೆ ಮುಚ್ಚಿ.

ಕಿಟಕಿಯೇ ಇಲ್ಲದ ಅಂಗಡಿಯಾದರೆ ಗೊಂಬೆಗಳನ್ನು ಮನೆಗೆ ತರುವುದು ಒಳ್ಳೆಯದು. ಲೈಟಿನಲ್ಲೇ ತೆಗೆಯಬೇಕು ಅಂತಾದರೆ ಒಂದೇ ಬಗೆಯ ಲೈಟು ಬಳಸಿ. ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಬಂದರೆ ಗಾಬರಿಯಾಗಬೇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ಕೆಲವು ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಸೆಟ್ಟಿಂಗ್‌ಗಳನ್ನು ನಾವೇ ಹಾಕುವ ಪ್ರೋ ಮೋಡ್‌ನಲ್ಲಿ ಷಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತನ್ನು, 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿ ಹೋಗುತ್ತದೆ.

ಹಂತ 4: ತೆಗೆಯುವುದು

ಗೊಂಬೆಯನ್ನು ಒರೆಸಿ. ಒರೆಸಿದ ಮೇಲೆ ಬರಿ ಬೆರಳಲ್ಲಿ ಮುಟ್ಟಬೇಡಿ, ಬಟ್ಟೆಯಲ್ಲೇ ಹಿಡಿದು ಇಡಿ. ಅರಗಿನ ಮೇಲಿನ ಬೆರಳಚ್ಚು ದೊಡ್ಡ ಪರದೆಯಲ್ಲಿ ಎಷ್ಟು ಕೆಟ್ಟದಾಗಿ ಕಾಣುತ್ತದೆ ಅಂತ ಒಂದು ಸಲ ನೋಡಿದರೆ ಮತ್ತೆ ಮರೆಯುವುದಿಲ್ಲ.

ಮೊಬೈಲನ್ನು ಗೊಂಬೆಯ ಹತ್ತಿರಕ್ಕೆ ಒಯ್ಯಬೇಡಿ. ಹತ್ತಿರದಿಂದ ತೆಗೆದರೆ ಗೊಂಬೆಯ ಮೂಗು ಮುಂದೆ ಬಂದು ಹೊಟ್ಟೆ ಉಬ್ಬಿದ ಹಾಗೆ ಕಾಣುತ್ತದೆ. ಎರಡು ಮೂರು ಅಡಿ ಹಿಂದೆ ಸರಿದು 2x ಒತ್ತಿ. ಆಗ ಆಕಾರ ಇದ್ದ ಹಾಗೇ ಬರುತ್ತದೆ. 2xನಲ್ಲಿ ಫೋಟೋ ಮಸುಕಾಗುವ ಮೊಬೈಲ್ ಆದರೆ 1xನಲ್ಲೇ ಹಿಂದಿನಿಂದ ತೆಗೆದು ಆಮೇಲೆ ಕತ್ತರಿಸಿ. 0.5x ಅನ್ನುವ ಅಗಲದ ಲೆನ್ಸ್ ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ.

ಪರದೆಯಲ್ಲಿ ಗೊಂಬೆಯ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಫೋಕಸ್ ಮತ್ತು ಬೆಳಕಿನ ಪ್ರಮಾಣ ಎರಡೂ ಲಾಕ್ ಆಗುತ್ತವೆ. ಈಗ ಬಿಳಿ ಕಾಗದ ಬೂದಿ ಬಣ್ಣಕ್ಕೆ ತಿರುಗಿದ್ದು ಕಾಣಬಹುದು. ಮೊಬೈಲ್ ಕೆಟ್ಟಿಲ್ಲ. ಚೌಕಟ್ಟಿನ ತುಂಬ ಬಿಳಿ ಇದ್ದರೆ ಕ್ಯಾಮೆರಾ "ಬೆಳಕು ಜಾಸ್ತಿಯಾಯ್ತು" ಅಂತ ತಿಳಿದು ತಾನಾಗಿಯೇ ಮಂಕು ಮಾಡುತ್ತದೆ. ಪರದೆಯಲ್ಲಿ ಬೆಳಕು ಹೆಚ್ಚುಕಮ್ಮಿ ಮಾಡುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಆದರೆ ಕಾಗದ ಪೂರ್ತಿ ಬೆಳ್ಳಗಾಗುವ ತನಕ ಎಳೆಯಬೇಡಿ, ಗೊಂಬೆಯ ಬಣ್ಣ ತೊಳೆದುಹೋಗುತ್ತದೆ. ನೋಡಬೇಕಾದ್ದು ಗೊಂಬೆಯನ್ನು. ಕಾಗದವನ್ನು ಎಡಿಟಿಂಗ್‌ನಲ್ಲಿ ಬೆಳ್ಳಗೆ ಮಾಡಬಹುದು.

ಈಗ ಮಿಂಚಿನ ವಿಷಯ. ಅರಗಿನ ಗೊಂಬೆ ಗುಂಡಗಿದ್ದಷ್ಟೂ ಕನ್ನಡಿಯ ಹಾಗೆ ವರ್ತಿಸುತ್ತದೆ. ಸರಿಯಾಗಿ ನೋಡಿ, ಅದರ ಹೊಟ್ಟೆಯ ಮೇಲೆ ಕಿಟಕಿ, ಕಿಟಕಿಯ ಸರಳು, ಟ್ರೈಪಾಡ್, ನಿಮ್ಮ ಬಿಳಿ ಅಂಗಿ ಎಲ್ಲವೂ ಪುಟ್ಟದಾಗಿ ಕೂತಿರುತ್ತವೆ. ಹೊಸಬರು ಈ ಹೊಳಪನ್ನು ಪೂರ್ತಿ ಅಳಿಸಲು ಹೋಗುತ್ತಾರೆ. ಅದು ಬೇಡ. ಹೊಳಪೇ ಇಲ್ಲದಿದ್ದರೆ ಅರಗಿನ ಗೊಂಬೆ ಬಣ್ಣ ಬಳಿದ ಮಣ್ಣಿನ ಹಾಗೆ ಕಾಣುತ್ತದೆ. ಬೇಕಾದ್ದು ಒಂದೇ ಒಂದು ಹೊಳಪು, ಅಂಚು ಮೆತ್ತಗಿರುವ ಉದ್ದನೆ ಗೆರೆ, ಗೊಂಬೆಯ ಒಂದು ಪಕ್ಕದಲ್ಲಿ. ಕಣ್ಣು ಬಾಯಿಯ ಮೇಲೆ ಅದು ಬರಬಾರದು.

ಅದಕ್ಕೆ ಹೀಗೆ ಮಾಡಿ. ಬಿಸಿಲು ಇರಲಿ ಬಿಡಲಿ ಕಿಟಕಿಗೆ ಪಂಚೆ ಕಟ್ಟಿ. ಸರಳುಗಳ ನೆರಳು ಕರಗಿ ಇಡೀ ಕಿಟಕಿ ಒಂದೇ ಬಿಳಿ ಹಲಗೆಯಾಗುತ್ತದೆ, ಗೊಂಬೆಯ ಮೇಲೆ ಬೀಳುವ ಹೊಳಪೂ ಹಾಗೇ ಮೆತ್ತಗಾಗುತ್ತದೆ. ಹೊಳಪು ಮುಖದ ಮೇಲೆ ಕೂತಿದ್ದರೆ ಮೇಜನ್ನು ಅರ್ಧ ಅಡಿ ಹಿಂದಕ್ಕೋ ಮುಂದಕ್ಕೋ ಸರಿಸಿ, ಹೊಳಪು ಜಾಗ ಬದಲಾಯಿಸುತ್ತದೆ. ನೀವು ಕಪ್ಪು ಅಥವಾ ಗಾಢ ಬಣ್ಣದ ಅಂಗಿ ಹಾಕಿಕೊಂಡು ಹೋಗಿ. 3 ಸೆಕೆಂಡಿನ ಟೈಮರ್ ಹಾಕಿ, ಬಟನ್ ಒತ್ತಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ನಿಮ್ಮ ಬಿಂಬವೂ ಬೀಳುವುದಿಲ್ಲ, ಒತ್ತಿದಾಗ ಮೊಬೈಲ್ ಅಲ್ಲಾಡಿ ಫೋಟೋ ಮಸುಕಾಗುವುದೂ ಇಲ್ಲ. ಸ್ಟೀಲ್ ಡಬ್ಬಿಗೂ ಇದೇ ಮದ್ದು, ಆದರೆ ಅಲ್ಲಿ ಮೂರೂ ಕಡೆ ಬಿಳಿ ಬಟ್ಟೆ ಕಟ್ಟಬೇಕಾಗುತ್ತದೆ.

ಚನ್ನಪಟ್ಟಣದ ಕೆಂಪು ಮತ್ತು ಹಳದಿಯಲ್ಲಿ ಇನ್ನೊಂದು ಪೇಚು ಇದೆ. ಮೊಬೈಲ್‌ಗಳು ಬಣ್ಣ ಎದ್ದು ಕಾಣಲಿ ಅಂತ ಕೆಂಪನ್ನು ಇನ್ನೂ ಕೆಂಪು ಮಾಡುತ್ತವೆ. ಕೊನೆಗೆ ಗೊಂಬೆಯ ಮೈಮೇಲೆ ಕಡೆಯುವಾಗ ಬಂದ ಸಣ್ಣ ಗೆರೆ, ಉಬ್ಬು ತಗ್ಗು ಏನೂ ಕಾಣದೆ ಒಂದು ಕೆಂಪು ಮುದ್ದೆ ಉಳಿಯುತ್ತದೆ. ಹಾಗಾದರೆ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆ ಇಳಿಸಿ ತೆಗೆಯಿರಿ. ಗೆರೆಗಳು ವಾಪಸ್ ಬರುತ್ತವೆ.

ಒಂದು ಗೊಂಬೆಗೆ ಮೂರು ಫೋಟೋ ಅಂದೆವಲ್ಲ, ಮೂರರದ್ದೂ ಕೆಲಸ ಬೇರೆ ಬೇರೆ. ಮೊದಲನೆಯದು ಬಿಳಿ ಹಿನ್ನೆಲೆಯಲ್ಲಿ ಇಡೀ ಗೊಂಬೆ. ಎರಡನೆಯದು ಅಂಗೈ ಮೇಲೆ ಇಟ್ಟಿದ್ದು, ಗಾತ್ರ ಗೊತ್ತಾಗಲಿಕ್ಕೆ. ಗಿಲಕಿ ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ ಅನ್ನುವ ದೂರು ಇದರಿಂದ ತಪ್ಪುತ್ತದೆ. ಮೂರನೆಯದು ಹತ್ತಿರದ ನೋಟ: ಚಕ್ರ ಕೂರಿಸಿದ ಜಾಗ, ಬಣ್ಣಗಳು ಸೇರುವ ಗೆರೆ. ಯಂತ್ರದಲ್ಲಿ ಮಾಡಿದ ಪ್ಲಾಸ್ಟಿಕ್ ಅಲ್ಲ, ಕೈಕೆಲಸ ಅಂತ ತೋರಿಸುವುದು ಈ ಫೋಟೋನೇ.

ಪ್ರತಿ ಗೊಂಬೆಗೂ ಮುಂಚೆ ಒಂದು ಬಿಳಿ ಚೀಟಿಯಲ್ಲಿ ಅದರ ನಂಬರ್, ಹೆಸರು, ಬೆಲೆ ಬರೆದು ಅದೇ ಜಾಗದಲ್ಲಿಟ್ಟು ಒಂದು ಫೋಟೋ ತೆಗೆಯಿರಿ. ಹದಿನೈದು ಗೊಂಬೆಗಳಲ್ಲಿ ಆರು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ, ರಾತ್ರಿ ಕೂತು ಯಾವುದು ಯಾವುದು ಅಂತ ಹುಡುಕುವುದು ತಪ್ಪುತ್ತದೆ. ಆ ಚೀಟಿಯ ಬಿಳಿ ಭಾಗ ಎಡಿಟಿಂಗ್‌ನಲ್ಲೂ ಕೆಲಸಕ್ಕೆ ಬರುತ್ತದೆ.

ಹಂತ 5: ಎಡಿಟಿಂಗ್ ಮತ್ತು ಕೊಡುವುದು

ಉಚಿತವಾಗಿ ಸಿಗುವ ಸ್ನ್ಯಾಪ್‌ಸೀಡ್ ಆ್ಯಪ್ ಸಾಕು. ಮೊದಲು White Balance, ಅಂದರೆ ಬಿಳಿಯನ್ನು ಬಿಳಿಯಾಗಿಯೇ ಕಾಣಿಸುವ ಹೊಂದಾಣಿಕೆ. ಅದರ ಪಿಕ್ಕರ್ ಗುರುತನ್ನು ಚೀಟಿಯ ಬಿಳಿ ಭಾಗದ ಮೇಲೆ ಇಟ್ಟು, ಬಂದ ಅಂಕಿಗಳನ್ನು ನೋಡಿಕೊಂಡು ಆ ಗೊಂಬೆಯ ಉಳಿದ ಫೋಟೋಗಳಿಗೂ ಅಷ್ಟೇ ಹಾಕಿ. ಆಮೇಲೆ Tune Image ಒಳಗೆ ಬೆಳಕು ಸರಿಪಡಿಸಿ. ಧೂಳಿನ ಚುಕ್ಕೆ ತೆಗೆಯಲು Healing. ಆದರೆ ಗೊಂಬೆಯ ಮೈಮೇಲೆ ನಿಜವಾಗಿ ಇರುವ ಗೀರು, ಬಿರುಕು ಅಳಿಸಬೇಡಿ. ಆ ಗೊಂಬೆ ಬೇಡ, ಇನ್ನೊಂದು ಕೊಡಿ ಅಂತ ಕೇಳಿ.

ಬಣ್ಣ ಸರಿ ಇದೆಯಾ ಅಂತ ನೋಡುವುದಕ್ಕೆ ಗೊಂಬೆಯನ್ನು ಕಿಟಕಿ ಬೆಳಕಿನಲ್ಲಿ ಮೊಬೈಲ್ ಪಕ್ಕ ಹಿಡಿದು ಹೋಲಿಸಿ. ಅದಕ್ಕೂ ಮುಂಚೆ ಪರದೆಯನ್ನು ಹಳದಿ ಮಾಡುವ ಕಣ್ಣಿನ ರಕ್ಷಣೆ ಮೋಡ್ ಆಫ್ ಇದೆಯಾ ನೋಡಿ. ಅದು ಆನ್ ಇದ್ದಾಗ ಎಡಿಟ್ ಮಾಡಿದ ಫೋಟೋಗಳೆಲ್ಲ ಬೇರೆಯವರ ಮೊಬೈಲ್‌ನಲ್ಲಿ ನೀಲಿಯಾಗಿ ಕಾಣುತ್ತವೆ. ಕೆಲಸವೆಲ್ಲ ಮುಗಿದ ಮೇಲೆ ಗೊತ್ತಾಗುವ ತಪ್ಪು ಇದು, 45 ಫೋಟೋನೂ ಮತ್ತೆ ಮಾಡಬೇಕು.

ಅಮೆಜಾನ್‌ಗೆ ಹಾಕುವ ಮುಖ್ಯ ಫೋಟೋಗೆ ನಿಯಮಗಳಿವೆ. ಹಿನ್ನೆಲೆ ಅಚ್ಚ ಬಿಳಿ ಇರಬೇಕು, ಅಂದರೆ ಬಣ್ಣದ ಅಂಕಿಯಲ್ಲಿ 255, 255, 255. ಚೌಕಟ್ಟಿನ ಸುಮಾರು 85% ಭಾಗ ಸಾಮಾನೇ ತುಂಬಿರಬೇಕು. ಅಕ್ಷರ, ಲೋಗೋ, ವಾಟರ್‌ಮಾರ್ಕ್ ಇರಬಾರದು. ಗಿರಾಕಿ ಜೂಮ್ ಮಾಡಿ ನೋಡುವಂತಿರಬೇಕಾದರೆ ಉದ್ದದ ಬದಿ 1,000 ಪಿಕ್ಸೆಲ್‌ಗಿಂತ ಜಾಸ್ತಿ ಇರಬೇಕು. 2,000ಕ್ಕೆ 2,000 ಪಿಕ್ಸೆಲ್‌ನ ಚೌಕ ಕೊಟ್ಟುಬಿಡಿ, ಎಲ್ಲ ಕಡೆ ನಡೆಯುತ್ತದೆ. ಹಿನ್ನೆಲೆ ತೆಗೆಯುವ ಆ್ಯಪ್ ಬಳಸಿದರೆ ಗೊಂಬೆಯ ಕೆಳಗಿನ ನೆರಳನ್ನೂ ಅದು ತಿಂದುಹಾಕುತ್ತದೆ, ಗೊಂಬೆ ಗಾಳಿಯಲ್ಲಿ ತೇಲಿದ ಹಾಗಾಗುತ್ತದೆ. ಹಾಗಾಗಿ ಇನ್‌ಸ್ಟಾಗ್ರಾಂಗೆ, ವಾಟ್ಸಾಪ್ ಕ್ಯಾಟಲಾಗ್‌ಗೆ ನೆರಳಿರುವ ಮೂಲ ಫೋಟೋನೇ ಕೊಡಿ.

ಫೈಲುಗಳಿಗೆ `07-1.jpg`, `07-2.jpg` ಅಂತ ಚೀಟಿಯ ನಂಬರಿನ ಹೆಸರು ಕೊಡಿ. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಫೋಟೋ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಯ್ಕೆಯಲ್ಲಿ ಕಳಿಸಿ, ಇಲ್ಲವೇ ಗೂಗಲ್ ಡ್ರೈವ್ ಲಿಂಕ್ ಕೊಡಿ. ಉಳಿದ 750 ಬರುವ ತನಕ ಚಿಕ್ಕ ಗಾತ್ರದವನ್ನಷ್ಟೇ ತೋರಿಸಿ, ದೊಡ್ಡವನ್ನು ದುಡ್ಡು ಬಂದ ಮೇಲೆ ಕೊಡಿ. ಇದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಹಂತ 6: ಸಣ್ಣ ಸಮಾರಂಭಗಳು

ನಾಮಕರಣ, ಸೀಮಂತ, ಮಗುವಿನ ಹುಟ್ಟುಹಬ್ಬ, ಮೂವತ್ತು ನಲವತ್ತು ಜನರ ಗೃಹಪ್ರವೇಶ, ಇಷ್ಟಕ್ಕೆ ಒಪ್ಪಿಕೊಳ್ಳಿ. ಮದುವೆ ಮೊಬೈಲ್‌ನಲ್ಲಿ ಒಪ್ಪಿಕೊಳ್ಳಬೇಡಿ. ಧಾರೆ ಎರಡನೇ ಸಲ ನಡೆಯುವುದಿಲ್ಲ, ಕಲ್ಯಾಣ ಮಂಟಪದ ಮಂದ ಬೆಳಕಿನಲ್ಲಿ ಮೊಬೈಲ್‌ನ ಚಿಕ್ಕ ಸೆನ್ಸರ್ ಕೈಕೊಡುತ್ತದೆ. ಸೆನ್ಸರ್ ಅಂದರೆ ಬೆಳಕನ್ನು ಹಿಡಿಯುವ ಚಿಪ್. ಅದು ಚಿಕ್ಕದಿದ್ದಷ್ಟೂ ಕತ್ತಲಲ್ಲಿ ಫೋಟೋ ತುಂಬ ಚುಕ್ಕಿ ಚುಕ್ಕಿ.

ಹಿಂದಿನ ದಿನವೇ ಮನೆಯ ಹಿರಿಯರೊಬ್ಬರ ಹತ್ತಿರ ಕೂತು ತಪ್ಪಿಸಬಾರದ ಗಳಿಗೆಗಳ ಪಟ್ಟಿ ಮಾಡಿ. ನಾಮಕರಣವಾದರೆ ತೊಟ್ಟಿಲಿಗೆ ಹಾಕುವುದು, ಕಿವಿಯಲ್ಲಿ ಹೆಸರು ಹೇಳುವುದು, ಅಜ್ಜಿಯರ ಮಡಿಲು. ಯಾರು ಯಾವ ಕಡೆ ನಿಲ್ಲುತ್ತಾರೆ ಅಂತಲೂ ಕೇಳಿಕೊಳ್ಳಿ. ಹೆಸರು ಹೇಳುವಾಗ ಸುತ್ತ ಎಲ್ಲರೂ ಬಗ್ಗುತ್ತಾರೆ, ನಿಮಗೆ ಕಾಣುವುದು ಬರೀ ಬೆನ್ನುಗಳು. ತೊಟ್ಟಿಲಿನ ಒಂದು ಪಕ್ಕ ಖಾಲಿ ಬಿಡಿ ಅಂತ ಮೊದಲೇ ಹೇಳಿಟ್ಟರೆ ಬಿಡುತ್ತಾರೆ.

ನೈಟ್ ಮೋಡ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಕೆಲವು ಕ್ಷಣ ಬೆಳಕು ಕೂಡಿಸುತ್ತದೆ, ಅಷ್ಟರಲ್ಲಿ ಮಗು ಕೈಕಾಲು ಆಡಿಸಿರುತ್ತದೆ. ಕಿಟಕಿ ಹತ್ತಿರ ತೊಟ್ಟಿಲು ಹಾಕಿಸಿ, ಫ್ಲಾಷ್ ಆಫ್ ಇರಲಿ. ಪೋರ್ಟ್ರೇಟ್ ಮೋಡ್ ಮುಡಿದ ಮಲ್ಲಿಗೆಯ ಅಂಚನ್ನೂ ಹಿನ್ನೆಲೆ ಅಂತ ತಿಳಿದು ಮಸುಕು ಮಾಡುತ್ತದೆ, ಹಾಗಾಗಿ ಮುಖ್ಯ ಗಳಿಗೆಗಳನ್ನು ಮಾಮೂಲಿ ಮೋಡ್‌ನಲ್ಲೇ ತೆಗೆಯಿರಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ವಿಡಿಯೋ ನಡುವೆ ಕರೆ ಬಂದರೆ ಎಷ್ಟೋ ಮೊಬೈಲ್‌ಗಳಲ್ಲಿ ರೆಕಾರ್ಡಿಂಗ್ ನಿಂತುಬಿಡುತ್ತದೆ. ಮೆಮೊರಿ ಖಾಲಿ ಮಾಡಿಕೊಂಡು, ಪವರ್ ಬ್ಯಾಂಕ್ ಹಿಡಿದು ಹೋಗಿ. ಆ ದಿನ ರಾತ್ರಿಯೇ ಎಲ್ಲವನ್ನೂ ಇನ್ನೊಂದು ಕಡೆ ಕಾಪಿ ಮಾಡಿಡಿ.

ಮಕ್ಕಳ ಫೋಟೋವನ್ನು ನಿಮ್ಮ ಇನ್‌ಸ್ಟಾಗ್ರಾಂಗೆ ಹಾಕುವ ಮುಂಚೆ ಅಪ್ಪ ಅಮ್ಮನನ್ನು ಕೇಳಿ. ಕೇಳದೆ ಹಾಕಿದರೆ ಆ ಮನೆಯ ಕೆಲಸವೂ ಹೋಗುತ್ತದೆ, ಅವರ ನೆಂಟರಿಷ್ಟರ ಮನೆಯದೂ ಹೋಗುತ್ತದೆ.

ಹಂತ 7: ಸ್ಟಾಕ್ ಫೋಟೋ

ಸ್ಟಾಕ್ ಅಂದರೆ ಫೋಟೋಗಳ ದೊಡ್ಡ ಆನ್‌ಲೈನ್ ಉಗ್ರಾಣ. ನೀವು ಫೋಟೋ ಹಾಕುತ್ತೀರಿ, ಜಾಹೀರಾತು ಮಾಡುವವರು, ಪತ್ರಿಕೆಯವರು ಬಳಸುವ ಹಕ್ಕನ್ನು ಕೊಳ್ಳುತ್ತಾರೆ, ನಿಮಗೆ ಪಾಲು ಬರುತ್ತದೆ. ಅಡೋಬಿ ಸ್ಟಾಕ್ ಫೋಟೋಗೆ 33% ಪಾಲು ಕೊಡುತ್ತದೆ. ಷಟರ್‌ಸ್ಟಾಕ್‌ನಲ್ಲಿ ಪಾಲು 15%ರಿಂದ ಶುರುವಾಗಿ, ಮಾರಾಟ ಹೆಚ್ಚಾದಂತೆ 40%ವರೆಗೆ ಏರುತ್ತದೆ. ಆದರೆ ಪ್ರತಿ ಜನವರಿ 1ಕ್ಕೆ ಮತ್ತೆ ಕೆಳಗಿನ ಮೆಟ್ಟಿಲಿಗೆ ಬಂದು ನಿಲ್ಲುತ್ತೀರಿ. ಚಂದಾದಾರರು ಡೌನ್‌ಲೋಡ್ ಮಾಡಿದಾಗ ನಿಮಗೆ ಬರೀ 10 ಸೆಂಟ್ ಬರುವುದೂ ಉಂಟು. ಆ ಲೆಕ್ಕದಲ್ಲಿ 25 ಡಾಲರ್ ಆಗಬೇಕಾದರೆ 250 ಡೌನ್‌ಲೋಡ್ ಬೇಕು. ಗೊಂಬೆ ಅಂಗಡಿಯ ಒಂದು ದಿನದ 1,500ರ ಪಕ್ಕ ಇದನ್ನಿಟ್ಟು ನೋಡಿ. ಇದಕ್ಕೇ ನಾನು ಸ್ಟಾಕನ್ನು ಕೊನೆಗೆ ಇಟ್ಟಿದ್ದು.

ಹಾಕುವುದಾದರೆ ಸೂರ್ಯಾಸ್ತ, ಗುಲಾಬಿ, ಬೆಕ್ಕು ಬೇಡ, ಅವು ಅಲ್ಲಿ ಲಕ್ಷಗಟ್ಟಲೆ ಇವೆ. ನಮ್ಮ ಅಡುಗೆಮನೆ, ಹೊಲ, ಹಬ್ಬದ ವಿವರಗಳನ್ನು ತೆಗೆಯಿರಿ. ರಾಗಿ ಮುದ್ದೆ ತಿರುವುತ್ತಿರುವ ಕೈಗಳು, ಎಳ್ಳು ಬೆಲ್ಲದ ತಟ್ಟೆ, ಅಡಿಕೆ ಸುಲಿಯುವುದು, ಈ ಥರದ್ದು. ಎರಡೂ ಕಡೆ ಕನಿಷ್ಠ 4 ಮೆಗಾಪಿಕ್ಸೆಲ್ ಜೆಪೆಗ್ ಬೇಕು, ಯಾವ ಮೊಬೈಲ್‌ನಲ್ಲೂ ಅದು ಸಿಗುತ್ತದೆ. ತಿರಸ್ಕಾರವಾಗುವುದು ಗಾತ್ರಕ್ಕಲ್ಲ, ಚುಕ್ಕಿ ಚುಕ್ಕಿ ಇರುವುದಕ್ಕೆ, ಫೋಕಸ್ ತಪ್ಪಿದ್ದಕ್ಕೆ, ಎಲ್ಲೋ ಮೂಲೆಯಲ್ಲಿ ಬಿಸ್ಕತ್ತಿನ ಪೊಟ್ಟಣದ ಬ್ರಾಂಡ್ ಹೆಸರು ಕಂಡಿದ್ದಕ್ಕೆ. ಹಾಕುವ ಮುಂಚೆ ಫೋಟೋವನ್ನು ಪೂರ್ತಿ ಜೂಮ್ ಮಾಡಿ ಮೂಲೆ ಮೂಲೆ ನೋಡಿ.

ಗುರುತು ಸಿಗುವ ಮುಖ ಇದ್ದರೆ ಅವರ ಸಹಿ ಇರುವ ಮಾಡೆಲ್ ರಿಲೀಸ್ ಬೇಕು, ಅಂದರೆ ತನ್ನ ಫೋಟೋ ಜಾಹೀರಾತಿಗೆ ಬಳಸಬಹುದು ಅನ್ನುವ ಒಪ್ಪಿಗೆ ಪತ್ರ. ಮಕ್ಕಳಾದರೆ ಅಪ್ಪ ಅಥವಾ ಅಮ್ಮನ ಸಹಿ. ಜಾತ್ರೆಯ ಜನಜಂಗುಳಿಯ ಫೋಟೋಗೆ ಎಲ್ಲರ ಸಹಿ ತರಲಿಕ್ಕಾಗುತ್ತಾ? ಅಂಥದ್ದನ್ನು ಷಟರ್‌ಸ್ಟಾಕ್‌ನಲ್ಲಿ ಎಡಿಟೋರಿಯಲ್ ಅಂತ ಹಾಕಬಹುದು. ಅದು ಸುದ್ದಿ, ಲೇಖನಗಳಿಗೆ ಮಾತ್ರ ಬಳಸುವ ವಿಭಾಗ. ಅದರ ವಿವರಣೆಯಲ್ಲಿ ಊರು, ದೇಶ, ತಾರೀಕು ಮೊದಲು ಬಂದು ಆಮೇಲೆ ಏನು ನಡೆಯುತ್ತಿದೆ ಅಂತ ಇಂಗ್ಲಿಷ್‌ನಲ್ಲಿ ಬರೆಯಬೇಕು. ಹುಡುಕುವ ಪದಗಳನ್ನೂ ಇಂಗ್ಲಿಷ್‌ನಲ್ಲೇ ಕೊಡಿ. ಷಟರ್‌ಸ್ಟಾಕ್ 7ರಿಂದ 50 ಪದ ಕೇಳುತ್ತದೆ. ಅಡೋಬಿಯಲ್ಲಿ 49 ಕೊಡಬಹುದು, ಮೊದಲ ಹತ್ತಕ್ಕೆ ತೂಕ ಜಾಸ್ತಿ. ಮುದ್ದೆಯ ಫೋಟೋಗೆ ragi, finger millet, Karnataka food ಮೊದಲು ಬರಲಿ, food, yummy ಕೊನೆಗೆ.

ಖಾತೆ ತೆರೆಯುವಾಗ ಅಮೆರಿಕದ ತೆರಿಗೆಯ W-8BEN ಅನ್ನುವ ಫಾರಂ ಬರುತ್ತದೆ. ನಾನು ಅಮೆರಿಕದವನಲ್ಲ ಅಂತ ತಿಳಿಸುವ ಫಾರಂ ಅದು. ಹೆದರಿ ಬಿಟ್ಟುಬಿಡಬೇಡಿ. ತುಂಬದಿದ್ದರೆ ಅಮೆರಿಕದಲ್ಲಿ ಆದ ಮಾರಾಟದ ಮೇಲೆ 30% ಹಿಡಿದುಕೊಳ್ಳುತ್ತಾರೆ. ಪ್ಯಾನ್ ನಂಬರ್ ಹಾಕಿ, ಭಾರತ–ಅಮೆರಿಕ ತೆರಿಗೆ ಒಪ್ಪಂದವನ್ನು ಆರಿಸಿದರೆ ರಾಯಲ್ಟಿಗೆ, ಅಂದರೆ ನಿಮಗೆ ಬರುವ ಪಾಲಿಗೆ, 15% ಆಗುತ್ತದೆ. ಹೆಸರನ್ನು ಪ್ಯಾನ್ ಕಾರ್ಡ್‌ನಲ್ಲಿ ಇದ್ದ ಹಾಗೇ ಬರೆಯಿರಿ, ದುಡ್ಡು ಬರುವ ಪೇಪಾಲ್ ಖಾತೆಯಲ್ಲೂ ಅದೇ ಹೆಸರಿರಲಿ. ಇನಿಷಿಯಲ್ ಹಿಂದೆಮುಂದೆ ಆದರೂ ಖಾತೆ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು.